ಅಪಾರ್ಟ್‌ಮೆಂಟಿನ ಯುಗಾದಿಗೆ ಎರಡು ನಿಮಿಷದ ಸ್ವಾಗತ: ಬರೆಯುವುದು ಹೇಗೆ?

ನಮ್ಮ ವಸತಿ ಸಮುಚ್ಚಯದಲ್ಲಿ ಒಂದು ಯುಗಾದಿಯ ಸ್ವಾಗತ ಭಾಷಣ ಹನ್ನೆರಡು ನಿಮಿಷ ನಡೆಯಿತು. ಬೇವು ಬೆಲ್ಲದ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಮಕ್ಕಳು ಅಷ್ಟರಲ್ಲಿ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಓದಿದವರು ಒಳ್ಳೆಯ ಕನ್ನಡ ಬಲ್ಲವರೇ; ಮನಸ್ಸಿನಲ್ಲಿ ಓದಿಕೊಳ್ಳಲು ತಕ್ಕ ಬರಹವನ್ನು ಮೈಕಿನಲ್ಲಿ ಓದಬೇಕಾಗಿ ಬಂದದ್ದೇ ತೊಂದರೆಯಾಯಿತು.

ಮೊದಲು ಅಳತೆ. ಮೈಕಿನ ಮುಂದೆ ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 80 ಪದಗಳು ಸಾಗುತ್ತವೆ. ಆದ್ದರಿಂದ 160 ಪದಗಳನ್ನು ಮೀರಬೇಡಿ.

ಎರಡನೆಯದು ಸ್ವಾಗತದ ವಾಕ್ಯ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು, ಸಮಿತಿಯ ಸದಸ್ಯರು, ಹಿರಿಯರು, ಮಹಿಳೆಯರು, ಮಕ್ಕಳು ಎಂದು ಪಟ್ಟಿ ಬೆಳೆಸಿ ಕೊನೆಯಲ್ಲಿ ‘ಹಾರ್ದಿಕವಾಗಿ ಸ್ವಾಗತಿಸಲು ಹರ್ಷಿಸುತ್ತೇನೆ’ ಎಂದರೆ, ಕೇಳುವವರು ಆ ಒಂದು ಪದಕ್ಕಾಗಿ ಅರ್ಧ ನಿಮಿಷ ಕಾಯಬೇಕಾಗುತ್ತದೆ, ಓದುವವರ ಉಸಿರೂ ನಡುವೆಯೇ ಮುಗಿಯುತ್ತದೆ. ಅದಕ್ಕಾಗಿ ‘ಎಲ್ಲರಿಗೂ ಸ್ವಾಗತ’ ಎಂದು ಮೊದಲೇ ಹೇಳಿ ಮುಗಿಸಿ, ಆಮೇಲೆ ಬೇಕಾದವರನ್ನು ಬೇರೆ ಬೇರೆ ಚಿಕ್ಕ ವಾಕ್ಯಗಳಲ್ಲಿ ನೆನೆಯಿರಿ. ಪದಾಧಿಕಾರಿಗಳ ಹೆಸರುಗಳನ್ನು ಓದಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಒಂದು ಹೆಸರು ಬಿಟ್ಟುಹೋದರೆ ಆ ಬೇಸರ ಮುಂದಿನ ಸಭೆಯವರೆಗೂ ಉಳಿಯುತ್ತದೆ. ಹಬ್ಬದ ದಿನವೂ ಗೇಟಿನಲ್ಲಿ ನಿಲ್ಲುವ ಕಾವಲುಗಾರರನ್ನೂ ಶುಚಿ ಕೆಲಸದವರನ್ನೂ ಮಾತ್ರ ತಪ್ಪದೆ ಸ್ವಾಗತಿಸಿ.

ಮೂರನೆಯದು ಸಂವತ್ಸರದ ಹೆಸರು. 2026ರ ಮಾರ್ಚ್ 19ರ ಯುಗಾದಿಗೆ ಆರಂಭವಾಗುವುದು ಪರಾಭವ ಸಂವತ್ಸರ. ಪ್ರಭವದಿಂದ ಎಣಿಸಿದರೆ 60ರ ಸಾಲಿನಲ್ಲಿ 40ನೆಯದು. ಪರಾಭವ ಎಂದರೆ ಸೋಲು. ‘ಪರಾಭವ ಸಂವತ್ಸರದ ಶುಭಾಶಯಗಳು’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಸೋಲನ್ನೇ ಹಾರೈಸಿದಂತೆ ಕೇಳಿಸುತ್ತದೆ. ಹೆಸರನ್ನು ಒಂದು ವಾಕ್ಯದಲ್ಲಿ ಮಾಹಿತಿಯಾಗಿ ತಿಳಿಸಿ, ಹಾರೈಕೆಯನ್ನು ಮುಂದಿನ ವಾಕ್ಯದಲ್ಲಿ ಯುಗಾದಿಯ ಹೆಸರಿನಲ್ಲಿಯೇ ಕೋರಿ. ಹಳೆಯ ಭಾಷಣವನ್ನು ತೆಗೆದು ದಿನಾಂಕವಷ್ಟೇ ಬದಲಿಸುವ ಅಡ್ಡದಾರಿ ಹಿಡಿದವರು ಹಿಂದಿನ ಸಂವತ್ಸರದ ಹೆಸರನ್ನೇ ಓದಿದ್ದನ್ನು ನಾನು ಕೇಳಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಿದ್ಧ ಹಾರೈಕೆಗಳೂ ಬೇಡ. ಅವು ‘ಸಮಸ್ತ ನಾಡಿನ ಜನತೆಗೆ’ ಎಂದು ಶುರುವಾಗುತ್ತವೆ, ನಿಮ್ಮ ಎದುರಿಗೆ ಇರುವುದು ಅರವತ್ತು ಮನೆಯವರು.

ಈ ಅರವತ್ತು ಮನೆಗಳಲ್ಲಿ ಯಾರ ಹೊಸ ವರ್ಷ ಯಾವಾಗ ಎಂಬುದನ್ನೂ ಗಮನಿಸಬೇಕು. ತೆಲುಗರ ಉಗಾದಿ, ಮರಾಠಿಗರ ಗುಡಿ ಪಾಡ್ವಾ ಅದೇ ದಿನ ಬರುತ್ತವೆ. ತಮಿಳರ ಪುತ್ತಾಂಡು, ಮಲಯಾಳಿಗಳ ವಿಷು ಮತ್ತು ತುಳುನಾಡಿನ ಬಿಸು ಸೌರಮಾನದವು. ಅವು ಏಪ್ರಿಲ್ ನಡುವಿಗೆ ಬರುತ್ತವೆ. ಇವರಿಗೆಲ್ಲ ಇಂದೇ ಹೊಸ ವರ್ಷ ಎಂದು ಸಾರುವುದು ತಪ್ಪು.

ಇಷ್ಟನ್ನೂ ಅನುಸರಿಸಿ ಬರೆದ ಒಂದು ಮಾದರಿ ಇಲ್ಲಿದೆ:

“ಎಲ್ಲರಿಗೂ ನಮಸ್ಕಾರ. ನಮ್ಮ ಯುಗಾದಿಯ ಕೂಟಕ್ಕೆ ನಿಮ್ಮೆಲ್ಲರಿಗೂ ಸ್ವಾಗತ.
ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ಗೌರವದ ಸ್ವಾಗತ. ಬೆಳಿಗ್ಗೆಯೇ ಬಂದು ಮಾವಿನ ತೋರಣ ಕಟ್ಟಿದ ಮಕ್ಕಳಿಗೆ ಪ್ರೀತಿಯ ಸ್ವಾಗತ.
ಹಬ್ಬದ ದಿನವೂ ನಮಗಾಗಿ ಕೆಲಸಕ್ಕೆ ಬಂದಿರುವ ಕಾವಲಿನವರಿಗೂ ಶುಚಿ ಕೆಲಸದವರಿಗೂ ಸ್ವಾಗತ. ಈ ಊಟ ನಿಮ್ಮದೂ ಹೌದು.
ಇಂದಿನಿಂದ ಪರಾಭವ ಸಂವತ್ಸರ ಆರಂಭವಾಗುತ್ತದೆ.
ಉಗಾದಿ, ಗುಡಿ ಪಾಡ್ವಾ ಆಚರಿಸುವ ಮನೆಗಳಿಗೆ ಇಂದೇ ಹಬ್ಬ. ಮುಂದಿನ ತಿಂಗಳು ಬಿಸು, ವಿಷು, ಪುತ್ತಾಂಡು ಬರಲಿವೆ. ಆಗ ನಾವು ನಿಮ್ಮ ಮನೆಗೆ ಬರುತ್ತೇವೆ.
ಎಲ್ಲರಿಗೂ ಯುಗಾದಿಯ ಶುಭಾಶಯಗಳು. ಮನೆಮನೆಯಲ್ಲೂ ಆರೋಗ್ಯ ಇರಲಿ. ಹೊರಟ ಕೆಲಸ ಕೈಗೂಡಲಿ.
ಈಗ ಮಕ್ಕಳು ಬೇವು ಬೆಲ್ಲ ತರುತ್ತಾರೆ. ದಯವಿಟ್ಟು ಕುಳಿತಲ್ಲಿಯೇ ಇರಿ.”

ಇನ್ನು ಹಾಳೆಯ ವಿಷಯ. ಮೊಬೈಲಿನಲ್ಲಿ ಓದಬೇಡಿ, ನಡುವೆ ಪರದೆ ಆರುತ್ತದೆ, ಇಲ್ಲವೆ ಕರೆ ಬರುತ್ತದೆ. ಹಾಳೆಯ ಒಂದೇ ಬದಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಉಸಿರು ತೆಗೆಯುವ ಕಡೆ ಸಾಲು ಮುರಿಯಿರಿ.

ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ ಪದವನ್ನು ಅಭ್ಯಾಸ ಮಾಡುವುದಕ್ಕಿಂತ ಬದಲಿಸುವುದೇ ಲೇಸು. ‘ಹಾರ್ದಿಕ’ ಅನೇಕರ ಬಾಯಲ್ಲಿ ‘ಆರ್ದಿಕ’ ಆಗುವುದರಿಂದ ನಾನು ಮೇಲೆ ‘ಪ್ರೀತಿಯ’ ಎಂದು ಬರೆದಿದ್ದೇನೆ. ‘ಶುಭಾಶಯ’ವನ್ನು ಮಾತ್ರ ಬದಲಿಸಲಾಗದು. ಅದು ಶುಭ ಮತ್ತು ಆಶಯ ಸೇರಿ ಆದ ಪದ. ‘ಶುಭಾಷಯ’ ಎಂದು ಬರೆದುಕೊಂಡರೆ ಮೈಕಿನಲ್ಲೂ ಹಾಗೆಯೇ ಹೊರಡುತ್ತದೆ. ನೆಲಮಾಳಿಗೆಯ ವಾಹನ ನಿಲುಗಡೆಯಲ್ಲಿ ಸಭೆಯಿದ್ದರೆ ದನಿ ಗೋಡೆಗೆ ಬಡಿದು ಮರಳುತ್ತದೆ. ಅಲ್ಲಿ ಪ್ರತಿ ವಾಕ್ಯದ ನಂತರ ಆ ಮಾರ್ದನಿ ಅಡಗುವವರೆಗೆ ನಿಂತು, ಆಮೇಲೆ ಮುಂದಿನ ಸಾಲಿಗೆ ಹೋಗಿ.