ನಮ್ ಎಲ್ಎಲ್‌ಪಿ ಅಗ್ರಿಮೆಂಟಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಕಟ್ಟಿದ ಟ್ಯಾಕ್ಸು

ನಾನು, ನನ್ ಫ್ರೆಂಡು ಇಬ್ರೂ ಮೈಸೂರಲ್ಲಿ ಸ್ಟ್ರಕ್ಚರಲ್ ಡಿಸೈನ್ ಮಾಡ್ತೀವಿ. 2024ರಲ್ಲಿ ಫರ್ಮ್ ರಿಜಿಸ್ಟರ್ ಮಾಡುವಾಗ ಕಂಪನಿನಾ, ಇಲ್ಲಾ ಪಾರ್ಟ್ನರ್‌ಗಳ ಹೊಣೆಗೆ ಮಿತಿ ಇರೋ ಪಾರ್ಟ್ನರ್‌ಶಿಪ್ ಆದ ಎಲ್ಎಲ್‌ಪಿನಾ ಅಂತ ತಲೆ ಕೆಡಿಸ್ಕೊಂಡು ಕೊನೆಗೆ ಎಲ್ಎಲ್‌ಪಿ ಮಾಡಿದ್ವಿ, ಯಾಕಂದ್ರೆ ನಮ್ ಬಿಲ್ಡರ್‌ಗಳು ಯಾವಾಗ ದುಡ್ಡು ಕೊಡ್ತಾರೋ ಗೊತ್ತಿಲ್ಲ, ಬಂದಾಗ ನಾವು ಕೈಗೆ ತಗೋಬೇಕು. ಎಲ್ಎಲ್‌ಪಿಲಿ ಲಾಭದ ಪಾಲು ಯಾವಾಗ ಬೇಕಾದ್ರೂ ತಗೋಬಹುದು, ಅದಕ್ಕೆ ಪಾರ್ಟ್ನರ್ ಕೈಲಿ ಮತ್ತೆ ಟ್ಯಾಕ್ಸ್ ಇಲ್ಲ. ಕಂಪನಿಲಿ ಡೈರೆಕ್ಟರ್‌ಗಳಿಗೆ ಸಂಬಳ ಇಲ್ಲಾ ಡಿವಿಡೆಂಡು, ಸುಮ್ನೆ ಸಾಲ ಅಂತ ಎತ್ಕೊಳೋಕೆ ಕಾನೂನು ಬಿಡಲ್ಲ.

ಈಗ ಲೆಕ್ಕ ನೋಡಿ. ಮೊದಲ ವರ್ಷ ಫೀಸು 30 ಲಕ್ಷ, ಬಾಡಿಗೆ, ಹುಡುಗರ ಸಂಬಳ ಎಲ್ಲ ಕಳೆದು ಉಳಿದಿದ್ದು 12 ಲಕ್ಷ. ಎಲ್ಎಲ್‌ಪಿಲಿ ಪಾರ್ಟ್ನರ್ ಸಂಬಳಕ್ಕೆ ಮಿತಿ ಇದೆ: ಲಾಭದ ಮೊದಲ 6 ಲಕ್ಷದಲ್ಲಿ 90%, ಉಳಿದದ್ದರಲ್ಲಿ 60%. ಅಂದ್ರೆ 5.4 ಪ್ಲಸ್ 3.6, ಒಟ್ಟು 9 ಲಕ್ಷ ಖರ್ಚಲ್ಲಿ ತೋರಿಸಬಹುದು, ಮಿಕ್ಕ 3 ಲಕ್ಷಕ್ಕೆ ಸೆಸ್ ಸೇರಿ 31.2% ಟ್ಯಾಕ್ಸ್, ಅಂದ್ರೆ 93,600. ನಮ್ ಪಾಲಿಗೆ ತಲಾ 4.5 ಲಕ್ಷ ಬಂದ್ರೂ ಬೇರೆ ಆದಾಯ ಇಲ್ಲದ್ರಿಂದ ಟ್ಯಾಕ್ಸ್ ಇಲ್ಲ. ಕಂಪನಿ ಆಗಿದ್ರೆ ತಲಾ 6 ಲಕ್ಷ ಸಂಬಳ ಅಂತ ಬರೆದು ಕಂಪನಿ ಲಾಭ ಸೊನ್ನೆ ಮಾಡ್ಬಹುದಿತ್ತು. ಆದ್ರೆ ಅಲ್ಲಿ ಒಂದು ರೂಪಾಯಿ ವಹಿವಾಟಿಲ್ದೇ ಇದ್ರೂ ಆಡಿಟ್ ಮಾಡಿಸ್ಲೇಬೇಕು, ಎಲ್ಎಲ್‌ಪಿಗೆ ಟರ್ನೋವರ್ 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟೋವರೆಗೂ ಬೇಡ. ಕಂಪನಿಯ ಆಡಿಟ್ ಕೆಲಸಕ್ಕೆ ಒಬ್ರು ನಮಗೆ ಹೇಳಿದ ಕೊಟೇಶನ್ನು ವರ್ಷಕ್ಕೆ 60 ಸಾವಿರ. ಆ 93,600 ಟ್ಯಾಕ್ಸಲ್ಲಿ ಇದನ್ನ ಕಳೆದ್ರೆ ಉಳಿಯೋದು ಮೂವತ್ ಚಿಲ್ಲರೆ ಸಾವಿರ, ಆ ತಲೆನೋವಿಗೆ ಬೇಡ ಅನ್ನಿಸ್ತು.

ಎಡವಿದ್ದು ಅಗ್ರಿಮೆಂಟಲ್ಲಿ. ಏಜೆಂಟ್ ಒಬ್ಬ ಕೊಟ್ಟ ರೆಡಿಮೇಡ್ ಡ್ರಾಫ್ಟಲ್ಲಿ "ಪಾರ್ಟ್ನರ್‌ಗಳ ಸಂಬಳ ಪರಸ್ಪರ ಒಪ್ಪಿಗೆಯಂತೆ" ಅಂತಷ್ಟೇ ಇತ್ತು, ನಾವೂ ಓದಿ ಸೈನ್ ಹಾಕಿದ್ವಿ. 2025ರ ಜೂನಲ್ಲಿ ರಿಟರ್ನ್‌ಗೆ ಕೂತಾಗ ಸಿಎ ಮೇಡಂ ಆ ಪೇಜಿಗೆ ಬೆರಳಿಟ್ಟು "ಇಷ್ಟು ದುಡ್ಡು ಅಂತಾನೋ ಹೇಗೆ ಲೆಕ್ಕ ಹಾಕ್ತೀರಿ ಅಂತಾನೋ ಇಲ್ಲಿ ಬರೆದಿಲ್ವಲ್ಲ ಸರ್, ಸಂಬಳ ಖರ್ಚಲ್ಲಿ ಹಾಕೋಕಾಗಲ್ಲ" ಅಂದ್ರು. ಆಗ ತಿದ್ದಿದ್ರೂ ಕಳೆದ ವರ್ಷಕ್ಕೆ ಲಾಗೂ ಆಗಲ್ಲ. ಪೂರ್ತಿ 12 ಲಕ್ಷಕ್ಕೆ 31.2%, 3,74,400 ಕಟ್ಟಿದ್ವಿ, ಅಂದ್ರೆ ಆ ಒಂದು ಸಾಲಿಗೆ 2,80,800!

ಆಮೇಲೆ ಸಪ್ಲಿಮೆಂಟರಿ ಅಗ್ರಿಮೆಂಟ್ ಮಾಡಿ, ಕಾನೂನು ಒಪ್ಪೋ ಗರಿಷ್ಠ ಮೊತ್ತ ಇಬ್ರಿಗೂ ಸಮಪಾಲು ಅಂತ ಬರೆಸಿ, ಅಗ್ರಿಮೆಂಟ್ ಬದಲಾವಣೆ ಸರ್ಕಾರಕ್ಕೆ ತಿಳಿಸೋ ಫಾರ್ಮ್ 3ನ 30 ದಿನದೊಳಗೆ ಹಾಕಿದ್ವಿ. ಈಗ ಫೀಸು 40 ಲಕ್ಷ ದಾಟ್ತಾ ಇದೆ, ಆಡಿಟ್ ಇಲ್ಲೂ ಬರುತ್ತೆ, ಸಂಬಳದ ಮಿತಿಯಂತೂ ಹಾಗೇ ಇರುತ್ತೆ. ಕಂಪನಿಗೆ ಬದಲಾಗೋಣ್ವಾ ಅಂತ ಫ್ರೆಂಡು ಕೇಳ್ತಾನೇ ಇದಾನೆ, ಬಿಲ್ಡರ್‌ಗಳು ಟೈಮಿಗೆ ದುಡ್ಡು ಕೊಡೋಕೆ ಶುರು ಮಾಡ್ಲಿ ನೋಡೋಣ ಅಂತಿದೀನಿ.