ಸ್ಯಾಂಕ್ಷನ್ ಲೆಟರ್‌ನಲ್ಲಿ ನಾನು ಮೊದಲು ಹುಡುಕಿದ್ದು ನಾಲ್ಕನೇ ವರ್ಷದ ಬಡ್ಡಿ

ಮಂಡ್ಯದಲ್ಲಿ ಮನೆ ಕಟ್ಟೋಕೆ 30 ಲಕ್ಷ ಸಾಲಕ್ಕೆ ಎರಡು ಬ್ಯಾಂಕಿಗೆ ಅರ್ಜಿ ಹಾಕಿದ್ದೆ. 2026ರ ಜನವರಿಯಲ್ಲಿ ಎರಡೂ ಕಡೆಯಿಂದ ಮಂಜೂರಾತಿ ಪತ್ರ ಬಂತು. ಅವಧಿ ಎರಡರಲ್ಲೂ 20 ವರ್ಷ. ಒಂದರಲ್ಲಿ ಬಡ್ಡಿ 7.75, ಇನ್ನೊಂದರಲ್ಲಿ 8. ಮನೆಯಲ್ಲಿ ಎಲ್ಲರೂ 'ಕಡಿಮೆ ಇರೋದನ್ನ ತಗೋ, ಇನ್ನೇನು ಯೋಚನೆ' ಅಂದರು. ನಾನು 8 ಪರ್ಸೆಂಟಿಂದು ತಗೊಂಡೆ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ.

ನನ್ನ ಪರಿಸ್ಥಿತಿ ಮೊದಲು ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಅರ್ಥ ಆಗಲ್ಲ. ಪಾಂಡವಪುರದ ಕಡೆ ವಿ.ಸಿ. ನಾಲೆ ಕೆಳಗೆ ಅಪ್ಪನ ಗದ್ದೆ ಇದೆ. ನನ್ನ ಪಾಲನ್ನು ಅಣ್ಣನೇ ಇಟ್ಟುಕೊಂಡು, ಒಂದೂವರೆ ವರ್ಷದಲ್ಲಿ 8 ಲಕ್ಷ ಕೊಡ್ತೀನಿ ಅಂತ ಒಪ್ಪಿದ್ದಾನೆ. ಆ ದುಡ್ಡು ನೇರ ಸಾಲಕ್ಕೆ ಹೋಗಬೇಕು ಅನ್ನೋದು ನನ್ನ ಆಸೆ. ಅಂದರೆ ನನಗೆ ಬಡ್ಡಿ ಎಷ್ಟು ಮುಖ್ಯವೋ, ಮಧ್ಯದಲ್ಲಿ ದೊಡ್ಡ ಗಂಟನ್ನು ಒಂದೇ ಸಲ ಸಾಲಕ್ಕೆ ಕಟ್ಟಿದರೆ ಬ್ಯಾಂಕು ಏನನ್ನುತ್ತೆ ಅನ್ನೋದೂ ಅಷ್ಟೇ ಮುಖ್ಯ.

ಪತ್ರದಲ್ಲಿ ಬಡ್ಡಿ ಅಂತ ದಪ್ಪ ಅಕ್ಷರದಲ್ಲಿರುವ ಸಂಖ್ಯೆಗಿಂತ ಅದರ ಪಕ್ಕದ ಸಣ್ಣ ಸಾಲು ಮುಖ್ಯ. 7.75ರ ಪಕ್ಕದಲ್ಲಿ ಹೀಗಿತ್ತು: ಮೊದಲ 36 ತಿಂಗಳು ಫಿಕ್ಸೆಡ್, ಆಮೇಲೆ ರೆಪೊ ದರ ಮತ್ತು 3.25 ಸ್ಪ್ರೆಡ್. ಎರಡನೇ ಪತ್ರದಲ್ಲಿ ಮೊದಲ ದಿನದಿಂದಲೇ ಫ್ಲೋಟಿಂಗ್, ಅಂದರೆ ರೆಪೊ ಜೊತೆ ಏರಿಳಿಯುವ ಬಡ್ಡಿ, ರೆಪೊ ಮತ್ತು 2.75. ರೆಪೊ ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ, ಸ್ಪ್ರೆಡ್ ಅಂದರೆ ಅದರ ಮೇಲೆ ನಮ್ಮ ಬ್ಯಾಂಕು ಸೇರಿಸುವ ಪರ್ಸೆಂಟ್. 2025ರ ಡಿಸೆಂಬರಿನಲ್ಲಿ ರೆಪೊವನ್ನು 5.25ಕ್ಕೆ ಇಳಿಸಿದ್ದರು. 5.25ಕ್ಕೆ 2.75 ಸೇರಿಸಿದರೆ 8, ಅದೇ ನನ್ನ ಬಡ್ಡಿ. ಮೊದಲ ಪತ್ರಕ್ಕೂ ಇದೇ ಲೆಕ್ಕ ಹಾಕಿ ನೋಡಿ. 5.25ಕ್ಕೆ 3.25 ಸೇರಿಸಿದರೆ 8.50. ರೆಪೊ ಒಂದು ಚೂರೂ ಏರದೇ ಇದ್ದರೂ ನಾಲ್ಕನೇ ವರ್ಷ ಆ ಸಾಲ ಎಂಟೂವರೆ ಪರ್ಸೆಂಟ್ ಆಗುತ್ತೆ. ಈ 8.50 ಅನ್ನೋ ಸಂಖ್ಯೆ ಪತ್ರದಲ್ಲಿ ಎಲ್ಲೂ ಇರಲಿಲ್ಲ, ನಾವೇ ಕೂಡಿಕೊಳ್ಳಬೇಕು.

ರೆಪೊ ನಮ್ಮ ಕೈಲೂ ಇಲ್ಲ, ಬ್ಯಾಂಕಿನ ಕೈಲೂ ಇಲ್ಲ. ಸ್ಪ್ರೆಡ್ ಮಾತ್ರ ಬ್ಯಾಂಕು ಇಡೋದು, ಅದು ಸಾಲದ ಜೊತೆ ವರ್ಷಗಟ್ಟಲೆ ಇರುತ್ತೆ. ಹಾಗಾಗಿ ಎರಡು ಪತ್ರ ಹೋಲಿಸುವಾಗ ನಾನು ಸ್ಪ್ರೆಡ್ಡನ್ನೇ ಹೋಲಿಸಿದೆ. ಫ್ಲೋಟಿಂಗ್ ಗೃಹಸಾಲವನ್ನು ಬ್ಯಾಂಕುಗಳು ಹೀಗೆ ಹೊರಗಿನ ಒಂದು ದರಕ್ಕೆ ಕಟ್ಟಬೇಕು ಅನ್ನೋ ನಿಯಮ 2019ರ ಅಕ್ಟೋಬರಿನಿಂದ ಇದೆ, ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ರೀಸೆಟ್ ಮಾಡಬೇಕು. ಯಾವ ದರಕ್ಕೆ ಕಟ್ಟಿದ್ದಾರೆ, ಸ್ಪ್ರೆಡ್ ಎಷ್ಟು, ರೀಸೆಟ್ ಯಾವಾಗ, ಈ ಮೂರೂ ಪತ್ರದಲ್ಲಿ ಬಿಡಿಸಿ ಬರೆದಿರಬೇಕು. ಸುಮ್ನೆ '8 ಪರ್ಸೆಂಟ್ ಫ್ಲೋಟಿಂಗ್' ಅಂತ ಇದ್ದರೆ ಕೇಳಿ ಬರೆಸಿಕೊಳ್ಳಿ.

ಈಗ ಪ್ರೀಪೇಮೆಂಟ್, ಅಂದರೆ ಸಾಲವನ್ನು ಅವಧಿಗೆ ಮುಂಚೆ ಕಟ್ಟೋದು. ಫ್ಲೋಟಿಂಗ್ ಗೃಹಸಾಲ ತೆಗೆದುಕೊಂಡ ವ್ಯಕ್ತಿಗಳಿಂದ ಬ್ಯಾಂಕುಗಳು ಮುಂಚೆ ಕಟ್ಟಿದ್ದಕ್ಕೆ ದಂಡ ತೆಗೆದುಕೊಳ್ಳಬಾರದು ಅಂತ 2012ರಲ್ಲೇ ಆಗಿದೆ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನ ಬಂದಿದ್ದು, ಅದರಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. ದುಡ್ಡು ಎಲ್ಲಿಂದ ತಂದಿರಿ ಅಂತ ಕೇಳುವ ಹಾಗಿಲ್ಲ, ಇಷ್ಟು ತಿಂಗಳು ಕಟ್ಟಲೇಬಾರದು ಅನ್ನುವ ಹಾಗೂ ಇಲ್ಲ. ಆದರೆ ಮೊದಲು ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಅನ್ನೋ ಸಾಲಕ್ಕೆ ಒಂದು ವಿಷಯ ಇದೆ. ನೀವು ದುಡ್ಡು ಕಟ್ಟುವ ದಿನ ಸಾಲ ಯಾವ ರೂಪದಲ್ಲಿದೆ ಅಂತ ನೋಡ್ತಾರೆ. ನನ್ನ ಅಣ್ಣನ 8 ಲಕ್ಷ ಬರೋದು ಹದಿನೆಂಟನೇ ತಿಂಗಳಿಗೆ, ಅಂದರೆ ಸರಿಯಾಗಿ ಫಿಕ್ಸೆಡ್ ಅವಧಿಯ ನಡುಮಧ್ಯಕ್ಕೆ. ಮೊದಲ ಪತ್ರದ ಕೊನೆಯ ಪುಟದಲ್ಲಿ ಅದಕ್ಕೆ 2 ಪರ್ಸೆಂಟ್ ದಂಡ, ತೆರಿಗೆ ಬೇರೆ, ಅಂತ ಇತ್ತು. ಇಂಥ ದಂಡವನ್ನು ಕಟ್ಟುವ ಮೊತ್ತದ ಮೇಲೆ ಮಾತ್ರ ಹಾಕಬಹುದು, ಪೂರ್ತಿ ಸಾಲದ ಮೇಲಲ್ಲ. ಪತ್ರದಲ್ಲೂ ಹಾಗೇ ಇತ್ತು. ಹಾಗಾಗಿ 8 ಲಕ್ಷಕ್ಕೆ 16,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 2,880. ಒಟ್ಟು 18,880.

ಇಷ್ಟಕ್ಕೇ 'ಅಯ್ಯೋ ದಂಡ ಇದೆ, ಬೇಡ' ಅಂತ ಬಿಟ್ಟಿದ್ದರೆ ಅದೂ ಸರಿಯಾದ ಲೆಕ್ಕ ಅಲ್ಲ. ಮೊದಲ ಬ್ಯಾಂಕಿನಲ್ಲಿ ಉಳಿಯೋದೂ ಇದೆಯಲ್ವಾ? ಕಾಲು ಪರ್ಸೆಂಟ್ ಕಡಿಮೆ ಬಡ್ಡಿ ಮೂರು ವರ್ಷ ಸಿಗುತ್ತೆ, ಮಧ್ಯೆ 8 ಲಕ್ಷ ಕಟ್ಟಿದ್ದನ್ನೂ ಹಿಡಿದರೆ ಉಳಿಯೋದು ಸುಮಾರು 18,500. ಪ್ರೊಸೆಸಿಂಗ್ ಫೀ ಕೂಡ ಅಲ್ಲಿ ಅರ್ಧ. ಅವರು 0.25 ಪರ್ಸೆಂಟ್ ಕೇಳಿದ್ದರು, ಜಿಎಸ್‌ಟಿ ಸೇರಿ 8,850. ಎರಡನೆಯವರು 0.50 ಪರ್ಸೆಂಟ್, ಸೇರಿ 17,700. ಇದರಲ್ಲೂ 8,850 ಉಳೀತು. ಎರಡೂ ಕೂಡಿಸಿ, ದಂಡದ 18,880 ಕಳೆದರೆ ಮೂರು ವರ್ಷದ ಕೊನೆಗೆ ಮೊದಲ ಬ್ಯಾಂಕೇ ಇನ್ನೂ 8,500ರಷ್ಟು ಲಾಭದಲ್ಲಿರುತ್ತೆ! ನಾನೂ ಇದನ್ನು ನಿರೀಕ್ಷಿಸಿರಲಿಲ್ಲ.

ಆಟ ತಿರುಗೋದು ನಾಲ್ಕನೇ ವರ್ಷದಲ್ಲಿ. ಆಗ ಬಾಕಿ ಸುಮಾರು 19 ಲಕ್ಷ ಇರುತ್ತೆ, ಅದರ ಮೇಲೆ ಅರ್ಧ ಪರ್ಸೆಂಟ್ ಜಾಸ್ತಿ ಅಂದರೆ ಆ ಒಂದು ವರ್ಷಕ್ಕೇ 9,000 ಹತ್ತಿರ. ಮೂರು ವರ್ಷ ಉಳಿಸಿದ್ದು ಅಲ್ಲಿಗೆ ಮುಗೀತು, ಮುಂದೆ ಪ್ರತಿ ವರ್ಷವೂ ಕೈಯಿಂದ ಹೋಗ್ತಾ ಇರುತ್ತೆ. ಫ್ಲೋಟಿಂಗ್ ಆದಮೇಲೆ ದಂಡ ಇಲ್ಲದೆ ಬೇರೆ ಬ್ಯಾಂಕಿಗೆ ಹೋಗಬಹುದು ನಿಜ. ಆದರೆ ಅಲ್ಲಿ ಮತ್ತೆ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ಮನೆಪತ್ರ ಇಟ್ಟು ಸಾಲ ತಗೊಂಡಿದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರಾಂಕ ಖರ್ಚು, ಎಲ್ಲಾ ಹೊಸದಾಗಿ.

ಇದರಲ್ಲಿ ಒಂದು ಊಹೆ ಇದೆ, ರೆಪೊ ಇದ್ದಲ್ಲೇ ಇರುತ್ತೆ ಅನ್ನೋದು. ಮೂರು ವರ್ಷದೊಳಗೆ ಅದು ಒಂದು ಪರ್ಸೆಂಟ್ ಏರಿದರೆ ನನ್ನದು 9 ಆಗುತ್ತೆ, ಫಿಕ್ಸೆಡ್ ತಗೊಂಡವನು 7.75ರಲ್ಲಿ ಆರಾಮಾಗಿ ಕೂತಿರ್ತಾನೆ. ಸಂಬಳ ಬಿಗಿಯಾಗಿದ್ದು, ಮಧ್ಯೆ ಯಾವ ದುಡ್ಡೂ ಬರೋದಿಲ್ಲ ಅನ್ನುವವರಿಗೆ ಆ ಮೊದಲ ಪತ್ರವೇ ಸರಿ ಅನ್ನಿಸಬಹುದು, ನಾನು ಬೇಡ ಅನ್ನಲ್ಲ. ನನಗೆ ಗಂಟು ಬರೋದಿತ್ತು, ಬಾಕಿ ಬೇಗ ಇಳಿಯೋದಿತ್ತು, ಹಾಗಾಗಿ ಸ್ಪ್ರೆಡ್ ಕಡಿಮೆ ಇರೋದು ಬೇಕಿತ್ತು.

ಎರಡನೇ ಪತ್ರ ಚೊಕ್ಕ ಇತ್ತು ಅಂದುಕೊಳ್ಳಬೇಡಿ. ನಾನು ಕೇಳಿದ್ದು 30 ಲಕ್ಷ, ಮಂಜೂರಾದ ಮೊತ್ತ ಅಂತ ಬರೆದಿದ್ದು 30,64,000. ಈ 64,000 ಸಾಲಗಾರನ ಜೀವವಿಮೆಯ ಒಂದೇ ಕಂತಿನ ಪ್ರೀಮಿಯಂ, ಸಾಲಕ್ಕೇ ಸೇರಿಸಿದ್ದರು. ಪ್ರೊಸೆಸಿಂಗ್ ಫೀ ಕೂಡ ಆ ದೊಡ್ಡ ಮೊತ್ತದ ಮೇಲೆ. 64,000ಕ್ಕೆ ತಿಂಗಳಿಗೆ 535 ರೂಪಾಯಿ ಕಂತು, 20 ವರ್ಷಕ್ಕೆ ಕಟ್ಟೋದು 1,28,000ದ ಮೇಲೆ. ಕೇಳಿದಾಗ ಸಾಲದ ಮೇಜಿನಲ್ಲಿದ್ದ ಮೇಡಂ, 'ಸರ್, ಇದು ಎಲ್ಲರಿಗೂ ಹಾಕೋದು, ಇಲ್ಲಾಂದ್ರೆ ಸಿಸ್ಟಮ್ ಮುಂದೆ ಹೋಗಲ್ಲ' ಅಂದರು. 'ಆಯ್ತು ಮೇಡಂ, ವಿಮೆ ಕಡ್ಡಾಯ ಅಂತ ಒಂದು ಸಾಲು ಬರೆದು ಕೊಡಿ, ಆಮೇಲೆ ಸಹಿ ಮಾಡ್ತೀನಿ' ಅಂದೆ. ಬರೆದು ಕೊಡಲಿಲ್ಲ, ತೆಗೆದು ಕೊಟ್ಟರು. ಮನೆಗೆ ಬೆಂಕಿ-ಪ್ರವಾಹದ ವಿಮೆ ಬೇರೆ ಷರತ್ತು, ಅದಕ್ಕೆ ನಾನು ತಕರಾರು ಮಾಡಲಿಲ್ಲ. ನನಗೆ ಮೊದಲೇ ಟರ್ಮ್ ಪಾಲಿಸಿ ಇದೆ. ಇಲ್ಲದವರು ಬೇಡ ಅನ್ನುವ ಮುಂಚೆ ಒಂದು ಮಾಡಿಸಿಕೊಳ್ಳೋದು ಒಳ್ಳೆಯದು.

ಇದನ್ನು ಹಿಡಿಯೋಕೆ ಸುಲಭದ ದಾರಿ ಪತ್ರದ ಜೊತೆ ಕೊಡುವ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ. 2024ರ ಅಕ್ಟೋಬರಿನಿಂದ ಇಂಥ ಸಾಲಗಳಿಗೆಲ್ಲಾ ಅದನ್ನು ಕೊಡಲೇಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೇಳಿ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತೆ, ಬಡ್ಡಿಯ ಜೊತೆ ಫೀ, ವಕೀಲರ ಖರ್ಚು, ವಿಮೆ ಎಲ್ಲವನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅಂತ. ನನ್ನ ಹಾಳೆಯಲ್ಲಿ ಬಡ್ಡಿ 8, ಎಪಿಆರ್ 8.40 ಇತ್ತು. ಇಷ್ಟು ದೊಡ್ಡ ಮೊತ್ತ, ಇಷ್ಟು ಉದ್ದದ ಅವಧಿಗೆ ಬರೀ ಪ್ರೊಸೆಸಿಂಗ್ ಫೀಯಿಂದ ಅಷ್ಟು ವ್ಯತ್ಯಾಸ ಬರಲ್ಲ, ಅಲ್ಲೇ ಅನುಮಾನ ಬಂತು. ವಿಮೆ ತೆಗೆದ ಮೇಲೆ 8.12 ಆಯ್ತು. ಕೆಎಫ್‌ಎಸ್‌ನಲ್ಲಿ ಇಲ್ಲದ ಯಾವ ಶುಲ್ಕವನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವ ಹಾಗಿಲ್ಲ. ಹಾಗಾಗಿ ನಾನು ಆ ಹಾಳೆಯ ಶುಲ್ಕಗಳನ್ನು ಪತ್ರದ ಶುಲ್ಕಗಳ ಜೊತೆ ಒಂದೊಂದಾಗಿ ಟಿಕ್ ಹಾಕಿ ನೋಡಿದೆ. ಪ್ರೊಸೆಸಿಂಗ್ ಫೀ ಕಡಿಮೆ ಮಾಡಿ ಅಂತಾನೂ ಕೇಳಿದೆ, ಬಿಡಲಿಲ್ಲ. ಸ್ಪ್ರೆಡ್ ಚೆನ್ನಾಗಿತ್ತು ಅಂತ ನಾನೂ ಜಾಸ್ತಿ ಜಗ್ಗಲಿಲ್ಲ.

ಪ್ರೀಪೇಮೆಂಟ್ ಷರತ್ತಿನಲ್ಲಿ ಇನ್ನೊಂದು ಹಳೇ ಸಾಲು ಉಳಿದುಕೊಂಡಿತ್ತು: 'ಸ್ವಂತ ಮೂಲದ ಹಣದಿಂದ ಕಟ್ಟಿದರೆ ಮಾತ್ರ ಶುಲ್ಕ ಇಲ್ಲ'. ಅಣ್ಣ ಕೊಟ್ಟ ದುಡ್ಡು ಸ್ವಂತದ್ದೋ ಅಲ್ಲವೋ ಅಂತ ನಾಳೆ ಕೌಂಟರಿನಲ್ಲಿ ವಾದ ಯಾಕೆ? ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವಾಗಲೂ ಇದೇ ಸಾಲು ಅಡ್ಡ ಬರುತ್ತೆ. ಹೊಸ ನಿರ್ದೇಶನದ ಪ್ರಕಾರ ಇದಕ್ಕೆ ಜಾಗ ಇಲ್ಲ ಅಂತ ಇಮೇಲ್ ಬರೆದೆ. ತಿದ್ದಿದ ಪತ್ರ ಬಂತು, ಹಳೇ ನಮೂನೆ ಮುದ್ರಣ ಆಗಿತ್ತಂತೆ. ಇಂಥದ್ದನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲೇ ಕೇಳಿ.

ಪತ್ರದಲ್ಲಿ ಬರೆಯದೇ ಬಿಟ್ಟಿದ್ದ ಒಂದನ್ನು ನಾನೇ ಕೇಳಿ ಸೇರಿಸಿಕೊಂಡೆ. ಗಂಟು ಕಟ್ಟಿದ ಮೇಲೆ ಇಎಂಐ ಇಳಿಸ್ತೀರೋ, ಅವಧಿ ಇಳಿಸ್ತೀರೋ? ನನ್ನ ಇಎಂಐ 25,093. ಹದಿನೆಂಟು ತಿಂಗಳ ನಂತರ ಬಾಕಿ ಸುಮಾರು 29 ಲಕ್ಷ ಇರುತ್ತೆ, 8 ಲಕ್ಷ ಕಟ್ಟಿದರೆ 21 ಲಕ್ಷ. ಅದೇ ಇಎಂಐ ಮುಂದುವರಿಸಿದರೆ ಉಳಿದ 222 ತಿಂಗಳು 123ಕ್ಕೆ ಇಳಿಯುತ್ತೆ, ಎಂಟು ವರ್ಷದ ಮೇಲೆ ಕಡಿಮೆ. ಇಎಂಐ ಇಳಿಸಿಬಿಟ್ಟರೆ ತಿಂಗಳಿಗೆ 18,000 ಚಿಲ್ಲರೆ ಆಗುತ್ತೆ, ಕೈ ಸಡಿಲ ಆಗುತ್ತೆ, ಆದರೆ ಸಾಲ ಅಷ್ಟೇ ವರ್ಷ ಇರುತ್ತೆ. ನನ್ನ ಇಮೇಲ್‌ಗೆ ಬಂದ ಉತ್ತರದಲ್ಲಿ, ದುಡ್ಡು ಕಟ್ಟುವ ದಿನ ಲಿಖಿತವಾಗಿ ಕೇಳಿದರೆ ಅವಧಿ ಇಳಿಸಿ ಹೊಸ ಕಂತಿನ ಪಟ್ಟಿ ಕೊಡ್ತೀವಿ ಅಂತ ಇದೆ. ಆ ಉತ್ತರ, ತಿದ್ದಿದ ಪತ್ರ, ಕೆಎಫ್‌ಎಸ್ ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಇಟ್ಟು, ಆಮೇಲೆ ಬ್ಯಾಂಕಿನ ಪ್ರತಿಗೆ ಎಲ್ಲಾ ಪುಟದಲ್ಲೂ ಸಹಿ ಹಾಕಿ ಕೊಟ್ಟೆ.