ಹದಿನಾಲ್ಕು ಸಾವಿರದ ಆರುನೂರು ರೂಪಾಯಿ ಮತ್ತು ನಾಲ್ಕು ಈಮೇಲ್

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇದೆ. ದಿನಕ್ಕೆ ನೂರು ಜನ ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ, ನಾನೂ ಹತ್ತು ಜನರಿಗೆ ಹಾಕುತ್ತೇನೆ. ಯುಪಿಐ ಅಂದರೇನು, ಯುಟಿಆರ್ ಎಲ್ಲಿ ಸಿಗುತ್ತೆ ಅನ್ನೋದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ದುಡ್ಡು ನನ್ನ ಅಕೌಂಟಿನಿಂದ ಹೋಯ್ತು, ಆ ಕಡೆ ಮುಟ್ಟಲಿಲ್ಲ. ಬರೀ ಈಮೇಲ್ ಬರೆದೇ ಅದನ್ನು ವಾಪಸ್ ತಂದೆ. ಹೇಗೆ ಅಂತ ಹೇಳುತ್ತೇನೆ. ಪಕ್ಕದ ಮೊಬೈಲ್ ಅಂಗಡಿಯವರು ಮೊದಲ ದಿನವೇ ಅಂದಿದ್ದರು, "ಈಮೇಲ್ ಯಾರು ಓದ್ತಾರೆ ಮಾರಾಯ, ಬ್ಯಾಂಕಿಗೆ ಹೋಗಿ ಗಲಾಟೆ ಮಾಡು." ನಮ್ಮ ಭಾವನದೂ ಅದೇ ಮಾತು. ಅವರಿಬ್ಬರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ ಅಂದ್ಕೊಳ್ಳಿ.

2025ರ ಫೆಬ್ರವರಿ 6, ಗುರುವಾರ. ಬೆಂಗಳೂರಿನ ಪೇಪರ್ ಸಪ್ಲೈಯರ್‌ಗೆ ಅರವತ್ತು ರೀಮ್ ಎ4 ಪೇಪರಿನ ಬಾಬ್ತು ಹಾಕಬೇಕಿತ್ತು. ಒಟ್ಟು 14,600. ಅವರ ಮೊಬೈಲ್ ನಂಬರಿಗೆ ಹಾಕಿದೆ. ಆಪ್ ಚಕ್ರ ತಿರುಗಿಸುತ್ತಾ ನಿಂತಿತು, ಆಮೇಲೆ ಹಸಿರು ಟಿಕ್ ಬಂತು. ಬ್ಯಾಂಕಿನಿಂದ ಡೆಬಿಟ್ ಎಸ್ಎಂಎಸ್ ಕೂಡ ಬಂತು. ಸಂಜೆ ಅವರ ಫೋನು: "ಅಣ್ಣಾ, ದುಡ್ಡು ಬಂದಿಲ್ವಲ್ಲ." ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ಅವರ ಪಾಸ್‌ಬುಕ್ಕಿನ ಫೋಟೋ ಕಳಿಸಿದರು. ಬಂದಿರಲಿಲ್ಲ.

ಇಂಥದ್ದು ಮೊದಲ ಸಲವೇನೂ ಅಲ್ಲ. 2023ರಲ್ಲಿ ಹೀಗೇ ಸುಮಾರು 2,200 ಹೋಗಿತ್ತು. ಆಗ ಫೋನಿನಲ್ಲೇ ಹಿಂದೆ ಬಿದ್ದೆ. ಪ್ರತಿ ಸಲ ಬೇರೆ ಹುಡುಗಿ, ಪ್ರತಿ ಸಲ ಕತೆ ಮೊದಲಿಂದ. ಮೂರು ವಾರ ಆದ ಮೇಲೆ ಸಾಕಾಗಿ ಬಿಟ್ಟೆ. ಅದಕ್ಕಿಂತ ದೊಡ್ಡ ದಡ್ಡತನ ಬೇರೆ ಇದೆ. ಸರ್ಚ್ ಮಾಡಿದಾಗ ಸಿಕ್ಕ ಒಂದು ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದ್ದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. ಆಮೇಲೆ ಸ್ಕ್ರೀನ್ ಶೇರ್ ಮಾಡುವ ಆಪ್ ಹಾಕಿಕೊಳ್ಳಿ ಅಂದ. ಅಲ್ಲಿಗೆ ಫೋನ್ ಇಟ್ಟೆ. ಅಂದಿನಿಂದ ವಿಳಾಸವನ್ನು ಆಪಿನ ಒಳಗಿನ ಹೆಲ್ಪ್ ಪುಟದಿಂದಲೇ ತೆಗೆಯುತ್ತೇನೆ, ಬೇರೆಲ್ಲಿಂದಲೂ ಇಲ್ಲ.

ಈ ಸಲದ ಮೊದಲ ಈಮೇಲ್ ಕೂಡ ದಂಡವೇ ಆಯ್ತು. ಶನಿವಾರ, ಅಂದರೆ 8ನೇ ತಾರೀಖು ಕಳಿಸಿದ್ದು. ಒಂದೂವರೆ ಪುಟ ಸಿಟ್ಟು. ಪೇಪರ್ ಬರದೆ ಅಂಗಡಿ ನಿಂತಿದೆ, ನಿಮ್ಮ ಆಪ್ ನಂಬಿ ಕೆಟ್ಟೆ, ಹೀಗೆ. ಅದರಲ್ಲಿ ಕೊಟ್ಟಿದ್ದ ನಂಬರು ಆಪಿನ ಸ್ವಂತ ಟ್ರಾನ್ಸಾಕ್ಷನ್ ಐಡಿ. ಎರಡು ದಿನ ಬಿಟ್ಟು ಉತ್ತರ ಬಂತು: ನಿಮ್ಮ ವ್ಯವಹಾರ ಯಶಸ್ವಿಯಾಗಿದೆ, ಪಡೆದವರ ಬ್ಯಾಂಕನ್ನು ಕೇಳಿ. ಟಿಕೆಟ್ ಕ್ಲೋಸ್.

ನಾನು ಎಡವಿದ್ದು ಅಲ್ಲೇ. ಆಪಿನ ಐಡಿ ಆಪಿಗೆ ಮಾತ್ರ ಗೊತ್ತು. ಬ್ಯಾಂಕುಗಳ ಮಧ್ಯೆ ಓಡಾಡುವುದು ಹನ್ನೆರಡು ಅಂಕಿಯ ನಂಬರು. ಅದನ್ನೇ ಕೆಲವರು ಯುಟಿಆರ್ ಅಂತಾರೆ, ಬ್ಯಾಂಕಿನವರು ಆರ್‌ಆರ್‌ಎನ್ ಅಂತಾರೆ. ನನ್ನದು 5037 ಅಂತ ಶುರುವಾಗಿತ್ತು. ಸುಮ್ನೆ ಕುತೂಹಲಕ್ಕೆ ಹಳೆಯ ಇಪ್ಪತ್ತು ಮೂವತ್ತು ನಂಬರು ಹಾಕಿಕೊಂಡು ನೋಡಿದೆ. ಮೊದಲ ಅಂಕಿ ವರ್ಷದ ಕೊನೆಯದು, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನೋದು. ಫೆಬ್ರವರಿ 6 ಅಂದರೆ 37ನೇ ದಿನ, ಸರಿಹೋಯ್ತು ಅಲ್ವಾ? ಇದರಿಂದ ಒಂದು ಲಾಭ ಇದೆ. ಗಿರಾಕಿ ತಂದ ಸ್ಕ್ರೀನ್‌ಶಾಟ್ ಹಳೆಯದೋ ಹೊಸದೋ ಅನ್ನೋದು ನಂಬರ್ ನೋಡಿದರೇ ಅರ್ಧ ಗೊತ್ತಾಗುತ್ತೆ.

ಮಧ್ಯೆ ಬ್ಯಾಂಕಿಗೂ ಹೋದೆ, ಭಾವನ ಮಾತಿಗೆ. ಮ್ಯಾನೇಜರ್ ಒಳ್ಳೆಯವರು, ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನಮ್ಮಲ್ಲಿ ಸಕ್ಸೆಸ್ ಅಂತಾನೇ ಇದೆ ಸಾರ್." ಅವರು ಸುಳ್ಳು ಹೇಳಲಿಲ್ಲ. ಆದದ್ದು ಏನೆಂದರೆ, ನನ್ನ ಬ್ಯಾಂಕ್ ದುಡ್ಡು ಕಡಿತಗೊಳಿಸಿತು, ಆ ಕಡೆಯ ಬ್ಯಾಂಕಿಗೆ ಜಮಾ ಮಾಡಿ ಅನ್ನೋ ಸಂದೇಶ ಹೋಯ್ತು, ಆದರೆ ಅಲ್ಲಿಂದ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ. ಅಂಥವನ್ನು ಡೀಮ್ಡ್ ಅಂತಾರೆ, ಆಗಿದೆ ಅಂತ ಅಂದುಕೊಂಡು ಬಿಡೋದು. ಆಮೇಲೆ ಆ ಕಡೆಯ ಬ್ಯಾಂಕು ತನ್ನ ಲೆಕ್ಕ ನೋಡಿ, ಜಮಾ ಮಾಡಿದ್ದೇವೆ ಅಂತ ಖಚಿತಪಡಿಸಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಮೊದಲನೆಯದಕ್ಕೆ ಟಿಸಿಸಿ ಅಂತಾರೆ. ಅವರು ಎರಡೂ ಮಾಡದಿದ್ದರೆ ದುಡ್ಡು ನಡುವೆ ನೇತಾಡುತ್ತೆ, ನಮ್ಮ ಕಡೆ ಹಸಿರು ಟಿಕ್ ಹಾಗೇ ಇರುತ್ತೆ.

ಇದು ತಿಳಿದ ಮೇಲೆ ಈಮೇಲ್ ಬರೆಯುವ ರೀತಿಯೇ ಬದಲಾಯ್ತು. ದುಡ್ಡು ಆಪಿನವರ ಹತ್ತಿರ ಇಲ್ಲ. ಅವರನ್ನು "ನನ್ನ ದುಡ್ಡು ಕೊಡಿ" ಅಂತ ಕೇಳಿದರೆ ಅವರಿಗೆ ಇಲ್ಲ ಅನ್ನೋದು ಸುಲಭ. ಅವರು ಮಾಡಬಹುದಾದ ಒಂದೇ ಕೆಲಸವನ್ನು ಕೇಳಬೇಕು: ಈ ಆರ್‌ಆರ್‌ಎನ್ ಮೇಲೆ ಡಿಸ್ಪ್ಯೂಟ್ ಎತ್ತಿ, ಪಡೆದ ಬ್ಯಾಂಕು ಏನು ಹೇಳಿತು ಅಂತ ನನಗೆ ತಿಳಿಸಿ. ಅದಕ್ಕೂ ಮುಂಚೆ ಆಪಿನ ಒಳಗೇ ದೂರು ಹಾಕಿ ಅದರ ನಂಬರ್ ತೆಗೆದುಕೊಂಡಿರಬೇಕು. ಅದಿಲ್ಲದಿದ್ದರೆ ಮೊದಲು ಅಲ್ಲಿ ಹಾಕಿ ಅಂತಾರೆ, ಮೂರು ದಿನ ಹೋಗುತ್ತೆ.

11ನೇ ತಾರೀಖಿನ ಎರಡನೇ ಮೇಲ್‌ನ ಸಬ್ಜೆಕ್ಟ್ ಹೀಗಿತ್ತು, ನಂಬರ್ ಮಾತ್ರ ಮುಚ್ಚಿದ್ದೇನೆ:

```
Debited, not credited | RRN 5037XXXXXXXX | Rs 14,600 | 06-02-2025
```

ಒಳಗೆ ಬರೀ ಎಂಟು ಸಾಲು. ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಎರಡೂ ಯುಪಿಐ ಐಡಿ, ಆಪಿನ ದೂರಿನ ನಂಬರು. ಆಮೇಲೆ ಮೇಲೆ ಹೇಳಿದ ಒಂದೇ ಬೇಡಿಕೆ. ಸಿಸಿಯಲ್ಲಿ ನನ್ನ ಬ್ಯಾಂಕಿನ ಗ್ರೀವನ್ಸ್ ವಿಳಾಸ. ಮೂರನೇ ಸಾಲಿನಲ್ಲಿ ಒಂದು ವಾಕ್ಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಹಾಕಿದರೆ ಅದರ ಬಿಸಿ ಹೋಗಿಬಿಡುತ್ತೆ. ಅಂಗಡಿಗೆ ಬನ್ನಿ, ಹೇಳುತ್ತೇನೆ.

ಸ್ಕ್ರೀನ್‌ಶಾಟ್ ವಿಷಯದಲ್ಲಿ ನನಗೆ ಬಹಳ ಹಟ. ಹಸಿರು ಟಿಕ್ ಇರುವ ಮೊದಲ ಪರದೆ ಕಳಿಸಿದರೆ ನಮ್ಮ ಕೇಸನ್ನು ನಾವೇ ಹಾಳು ಮಾಡಿಕೊಂಡ ಹಾಗೆ. ವಿವರ ತೆರೆದು ಹನ್ನೆರಡು ಅಂಕಿ, ತಾರೀಖು, ಹೊತ್ತು ಮೂರೂ ಒಂದೇ ಪರದೆಯಲ್ಲಿ ಕಾಣುವ ಹಾಗೆ ತೆಗೆಯಬೇಕು. ಎರಡನೆಯದು ನನ್ನ ಸ್ಟೇಟ್‌ಮೆಂಟಿನ ಆ ಸಾಲು, ಅದರಲ್ಲೂ ಅದೇ ನಂಬರ್ ಇರಬೇಕು. ಎಸ್ಎಂಎಸ್ ಒಂದೇ ಸಾಲದು. ಆದರೆ ಕೇಸ್ ಗೆದ್ದದ್ದು ಮೂರನೆಯದರಿಂದ. ಸಪ್ಲೈಯರ್‌ನ ಕಾಡಿ ಬೇಡಿ ಅವರ ಅಕೌಂಟಿನ 6 ಮತ್ತು 7ನೇ ತಾರೀಖಿನ ಪೂರ್ತಿ ಸ್ಟೇಟ್‌ಮೆಂಟ್ ತರಿಸಿದೆ, ಪಿಡಿಎಫ್. 14,600 ಅನ್ನೋ ಜಮಾ ಎಲ್ಲೂ ಇಲ್ಲ ಅಂತ ಅದೇ ತೋರಿಸಿತು. ಅವರು ಮೊದಲು ಕೊಡಲು ಒಪ್ಪಲಿಲ್ಲ, ವ್ಯಾಪಾರದ ಲೆಕ್ಕ ನಿನಗ್ಯಾಕೆ ಅಂದರು. ಬೇರೆ ಸಾಲುಗಳಲ್ಲಿ ಹೆಸರು ಮುಚ್ಚಿ ಕೊಡಿ ಅಂದ ಮೇಲೆ ಕೊಟ್ಟರು.

ನನ್ನ ಬ್ಯಾಲೆನ್ಸ್ ಮುಚ್ಚಿದೆ, ಅಕೌಂಟ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಬಿಟ್ಟೆ. ಮೂರನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿದೆ, ಒಂದು ಎಂಬಿಗಿಂತ ಕಡಿಮೆ. ಅದಕ್ಕೂ ಮುಂಚೆ ಒಂದು ಸಲ ಫೋನಿನಿಂದ ಹಾಗೇ ಆರೇಳು ಫೋಟೋ ಎಳೆದು ಹಾಕಿದ್ದೆ, ಆ ಮೇಲ್ ತಿರುಗಿ ಬಂದಿತ್ತು.

ಈ ನಡುವೆ ಒಂದು ಪ್ರಯೋಗ. ಅದೇ ಮೇಲನ್ನು ಕನ್ನಡದಲ್ಲೂ ಬರೆದು ಕಳಿಸಿದೆ. ಉತ್ತರ ಬಂತು, ಇಂಗ್ಲಿಷಿನಲ್ಲಿ, ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ ಅಂತ. ಅಷ್ಟೇ ಅಲ್ಲ, ಹೊಸ ಮೇಲ್ ಆದ್ದರಿಂದ ಹೊಸ ಟಿಕೆಟ್ ಹುಟ್ಟಿತು. ಒಂದು ಟಿಕೆಟ್ಟಿನವರು ಇನ್ನೊಂದನ್ನು ನೋಡಲ್ಲ. ಆ ಗೊಂದಲ ಬಿಡಿಸಲು ಎರಡು ದಿನ ಹೋಯ್ತು. ಆಮೇಲೆ ಎಲ್ಲವನ್ನೂ ಅದೇ ಹಳೆಯ ಮೇಲ್‌ಗೆ ರಿಪ್ಲೈ ಮಾಡಿಯೇ ಕಳಿಸಿದೆ.

ಎರಡನೇ ಮೇಲ್‌ಗೂ ಅದೇ ಗಿಣಿಪಾಠ, ವ್ಯವಹಾರ ಯಶಸ್ವಿ. ಮೂರನೆಯದನ್ನು 15ಕ್ಕೆ ಕಳಿಸಿದೆ, ಎರಡೇ ಸಾಲು. ಪಡೆದವರ ಸ್ಟೇಟ್‌ಮೆಂಟ್ ಮೂರನೇ ಪುಟದಲ್ಲಿದೆ, ಟಿಸಿಸಿ ಬಂದಿದೆಯಾ ಇಲ್ಲವಾ ಅಷ್ಟು ಹೇಳಿ. ಆಗ ಮೊದಲ ಬಾರಿಗೆ ಮನುಷ್ಯರು ಬರೆದ ಹಾಗಿನ ಉತ್ತರ ಬಂತು: ಬ್ಯಾಂಕಿನ ತಂಡಕ್ಕೆ ಕಳಿಸಿದ್ದೇವೆ.

ನಾಲ್ಕನೆಯದು 18ಕ್ಕೆ. ಅದರಲ್ಲಿ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ನೆನಪಿಸಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಯುಪಿಐ ದುಡ್ಡು ಜಮಾ ಆಗದಿದ್ದರೆ ಮರುದಿನದೊಳಗೆ ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ನಾವು ಕೇಳದಿದ್ದರೂ ಕೊಡಬೇಕು ಅಂತಲೇ ಅದರಲ್ಲಿದೆ. ಬೆದರಿಕೆ ಹಾಕಲಿಲ್ಲ. ದೂರು ಕೊಟ್ಟದ್ದು ಫೆಬ್ರವರಿ 8, ಮಾರ್ಚ್ 10ಕ್ಕೆ ಮೂವತ್ತು ದಿನ, ಆಮೇಲೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕುತ್ತೇನೆ ಅಂತ ತಾರೀಖು ಮಾತ್ರ ಬರೆದೆ.

ಅಂಗಡಿಯ ಕ್ಯೂಆರ್‌ಗೆ ಹಾಕಿದ ದುಡ್ಡಿನ ಲೆಕ್ಕ ಬೇರೆ, ಅಲ್ಲಿ ಐದು ದಿನದ ಗಡುವು. ಒಮ್ಮೆ ಬೇಕರಿಯಲ್ಲಿ 340 ರೂಪಾಯಿ ಹೀಗೆ ಸಿಕ್ಕಿಕೊಂಡಾಗ ಏನೂ ಮಾಡದೆ ಕಾದು ನೋಡಿದೆ. ಮೂರನೇ ದಿನ ತಾನೇ ಬಂತು. ಹಾಗಾಗಿ ಕ್ಯೂಆರ್ ಕೇಸಿಗೆ ಆರನೇ ದಿನದ ಮುಂಚೆ ನಾನು ಕೀಬೋರ್ಡ್ ಮುಟ್ಟಲ್ಲ.

ಇನ್ನೊಂದು ಮಾತು. ಬರೆಯುವ ಮುಂಚೆ ಸ್ಟೇಟ್‌ಮೆಂಟನ್ನು ಇವತ್ತಿನವರೆಗೂ ನೋಡಿ. ಒಬ್ಬ ಗಿರಾಕಿಗೆ ಜೋರಾಗಿ ಮೇಲ್ ಬರೆದುಕೊಟ್ಟು ಐವತ್ತು ರೂಪಾಯಿ ತಗೊಂಡಿದ್ದೆ. ಅವರ ದುಡ್ಡು ಮರುದಿನವೇ ವಾಪಸ್ ಬಂದು ಕೂತಿತ್ತು, ಬೇರೆ ವಿವರಣೆಯ ಸಾಲಿನಲ್ಲಿ. ಐವತ್ತನ್ನು ತಿರುಗಿ ಕೊಟ್ಟೆ, ಟೀ ಖರ್ಚೂ ನನ್ನದೇ. ನಂಬರ್ ತಪ್ಪಾಗಿ ಒತ್ತಿ ಬೇರೆಯವರಿಗೆ ಹಾಕಿದವರೂ ಬರುತ್ತಾರೆ. ಅದು ಬೇರೆ ಕೇಸ್. ಅಲ್ಲಿ ದುಡ್ಡು ಜಮಾ ಆಗಿದೆ, ಆಗಿರೋದು ಬೇರೆಯವರಿಗೆ. ಈ ಮೇಲ್ ಅದಕ್ಕೆ ನಡೆಯಲ್ಲ.

21ನೇ ತಾರೀಖು ಶುಕ್ರವಾರ ಬೆಳಿಗ್ಗೆ ಹತ್ತೂವರೆ ಸುಮಾರಿಗೆ 14,600 ನನ್ನ ಅಕೌಂಟಿಗೆ ಬಂತು, ಅದೇ ಹನ್ನೆರಡು ಅಂಕಿಯ ಜೊತೆ. ಪಕ್ಕದ ಅಂಗಡಿಗೆ ಹೋಗಿ ಫೋನ್ ತೋರಿಸಿದೆ. "ತಾನಾಗೇ ಬಂದಿರುತ್ತೆ ಬಿಡು" ಅಂದರು. ನಾನೂ ಬಿಡಲಿಲ್ಲ, ಅದೇ ಮೇಲ್‌ನಲ್ಲಿ ಪರಿಹಾರ ಕೇಳಿದೆ. ಹತ್ತು ದಿನ ಬಿಟ್ಟು ಬ್ಯಾಂಕಿನಿಂದ 1,300 ಬಂತು. 7ಕ್ಕೆ ಗಡುವು ಮುಗಿಯಿತು, 8ರಿಂದ 21ರವರೆಗೆ ಎಣಿಸಿದರೆ ಹದಿನಾಲ್ಕು ದಿನ, 1,400 ಆಗಬೇಕು. ಅವರು ದುಡ್ಡು ಬಂದ ದಿನವನ್ನು ಎಣಿಸಿಲ್ಲ ಅಂತ ಕಾಣುತ್ತೆ. ಆ ನೂರು ರೂಪಾಯಿಗೆ ಇನ್ನೊಂದು ಮೇಲ್ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.